ಎಟಲಾನ್ ಬಳಸಿ ಕ್ಯಾಡ್ಮಿಯಮ್ ಕೆಂಪು ರೇಖೆಯ ಜೀಮನ್ ಸೀಳಿಕೆಯನ್ನು ಅಳೆಯುವ ಕ್ರಮ

ಕ್ಯಾಡ್ಮಿಯಮ್ ದೀಪದ ಕೆಂಪು ರೇಖೆಯ ತರಂಗಾಂತರ 643.8 ನ್ಯಾನೊಮೀಟರ್. ದೀಪವನ್ನು ವಿದ್ಯುತ್ಕಾಂತದ ಎರಡು ಧ್ರುವಗಳ ನಡುವೆ ಇಟ್ಟು ಅಡ್ಡದಿಂದ ನೋಡಿದಾಗ ಈ ಒಂದು ರೇಖೆ ಮೂರಾಗಿ ಸೀಳುತ್ತದೆ, ಇದೇ ಜೀಮನ್ ಸೀಳಿಕೆ. ನಡುವಿನದು ಇದ್ದಲ್ಲೇ ಉಳಿಯುತ್ತದೆ, ಪಕ್ಕದ ಎರಡು ಪ್ರತಿ ಟೆಸ್ಲಾಗೆ 14 ಗಿಗಾಹರ್ಟ್ಸ್‌ನಂತೆ ಆಚೀಚೆ ಸರಿಯುತ್ತವೆ. ಅರ್ಧ ಟೆಸ್ಲಾ ಕ್ಷೇತ್ರದಲ್ಲಿ ಈ ಸರಿಕೆ 7 ಗಿಗಾಹರ್ಟ್ಸ್, ತರಂಗಾಂತರದ ಲೆಕ್ಕದಲ್ಲಿ ಒಂದು ನ್ಯಾನೊಮೀಟರಿನ ನೂರನೇ ಒಂದು ಭಾಗಕ್ಕೂ ಕಡಿಮೆ. ಪ್ರಯೋಗಾಲಯದ ಸಾಮಾನ್ಯ ಪ್ರಿಸಮ್ ಅಥವಾ ಗ್ರೇಟಿಂಗ್ ಇದನ್ನು ಬಿಡಿಸಿ ತೋರಿಸಲಾರದು. ಕೆಲವು ಮಿಲಿಮೀಟರ್ ಅಂತರದಲ್ಲಿ ಎದುರುಬದುರಾಗಿ ನಿಂತ ಎರಡು ಗಾಜಿನ ತಟ್ಟೆಗಳ ಎಟಲಾನ್ ಇದನ್ನು ಉಂಗುರಗಳಾಗಿ ಬಿಡಿಸಿ ತೋರಿಸುತ್ತದೆ. ಭೌತಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು ಈ ಪ್ರಯೋಗವನ್ನು ಮಾಡುವುದುಂಟು. ಆದರೆ ಉಂಗುರಗಳು ಕಂಡ ಕೂಡಲೇ ಅಳತೆಗೆ ಇಳಿದು, ತಟ್ಟೆಗಳ ನಡುವೆ ಏನು ನಡೆಯುತ್ತಿದೆ ಎಂಬುದನ್ನು ಗಮನಿಸದೆ ಬಿಡುವುದೇ ಹೆಚ್ಚು. ಆದ್ದರಿಂದ ಮೊದಲು ಅದನ್ನು ನೋಡಿ, ಅನಂತರ ಉಪಕರಣದ ಆಯ್ಕೆ, ಜೋಡಣೆ ಮತ್ತು ಅಳತೆಗೆ ಬರೋಣ.

ತಟ್ಟೆಗಳ ನಡುವೆ ನಡೆಯುವುದು

ಎಟಲಾನ್‌ನ ಎರಡೂ ತಟ್ಟೆಗಳ ಒಳಮುಖಕ್ಕೆ ಬೆಳಕಿನ 90 ಶೇಕಡಾವನ್ನು ಪ್ರತಿಫಲಿಸಿ 10 ಶೇಕಡಾವನ್ನು ಮಾತ್ರ ಒಳಬಿಡುವ ಲೇಪನವಿದೆ ಎಂದಿಟ್ಟುಕೊಳ್ಳಿ. ಮೊದಲ ತಟ್ಟೆಯನ್ನು ದಾಟಿದ್ದು ಹತ್ತರಲ್ಲೊಂದು ಭಾಗ, ಎರಡನೆಯದನ್ನೂ ದಾಟಿ ಹೊರಬಂದದ್ದು ಅದರ ಹತ್ತರಲ್ಲೊಂದು ಭಾಗ. ಎಂದರೆ ನೇರವಾಗಿ ಹೊರಬರುವ ಕಿರಣದ ತೀವ್ರತೆ ಬಿದ್ದ ಬೆಳಕಿನ 1 ಶೇಕಡಾ ಮಾತ್ರ. ಒಳಗೆ ಉಳಿದ ಬೆಳಕು ಒಂದು ಸುತ್ತು ಹೋಗಿಬಂದು ಎರಡನೇ ಕಿರಣವಾಗಿ ಹೊರಬೀಳುತ್ತದೆ, ಮತ್ತೊಂದು ಸುತ್ತಿಗೆ ಮೂರನೆಯದು, ಹೀಗೆ ಮುಂದುವರಿಯುತ್ತದೆ. ತೀವ್ರತೆಯನ್ನು ಬಿಟ್ಟು ಅಲೆಯ ಪಾರವನ್ನು ಲೆಕ್ಕಕ್ಕೆ ಹಿಡಿದರೆ, ಮೊದಲ ಕಿರಣದ್ದು 0.1, ಎರಡನೆಯದ್ದು 0.09, ಮೂರನೆಯದ್ದು 0.081, ಹೀಗೆ ಪ್ರತಿ ಕಿರಣವೂ ಹಿಂದಿನದರ 0.9 ಪಟ್ಟು.

ಒಂದು ಸುತ್ತಿನ ದಾರಿಯ ಉದ್ದ ತರಂಗಾಂತರದ ಪೂರ್ಣಾಂಕ ಪಟ್ಟಾಗಿದ್ದರೆ ಈ ಎಲ್ಲ ಕಿರಣಗಳೂ ಒಂದೇ ಪ್ರಾವಸ್ಥೆಯಲ್ಲಿ ಹೊರಬರುತ್ತವೆ ಮತ್ತು ಪಾರಗಳು ನೇರವಾಗಿ ಕೂಡುತ್ತವೆ. ಆ ಪೂರ್ಣಾಂಕವನ್ನು ಕ್ರಮಾಂಕ ಎನ್ನುತ್ತಾರೆ. ಗುಣೋತ್ತರ ಶ್ರೇಢಿಯ ಮೊತ್ತ 0.1 / (1 − 0.9), ಅಂದರೆ 1. ಒಂದೊಂದೇ ತಟ್ಟೆಯಾಗಿ ನೋಡಿದರೆ ಕನ್ನಡಿಯಂತಿರುವ ಜೋಡಿಯ ಮೂಲಕ ಆ ಒಂದು ತರಂಗಾಂತರದ ಬೆಳಕು ಪೂರ್ತಿ ದಾಟಿಹೋಗುತ್ತದೆ. ಪ್ರತಿ ಸುತ್ತಿಗೂ ಅರ್ಧ ಅಲೆಯಷ್ಟು ವ್ಯತ್ಯಾಸ ಬಿದ್ದರೆ ಪದಗಳ ಚಿಹ್ನೆ ಒಂದು ಬಿಟ್ಟು ಒಂದು ಬದಲಾಗಿ ಮೊತ್ತ 0.1 / 1.9 ಆಗುತ್ತದೆ. ತೀವ್ರತೆ ಪಾರದ ವರ್ಗ, ಅಂದರೆ 0.0028. ಪ್ರಕಾಶಕ್ಕೂ ಕತ್ತಲೆಗೂ ಇರುವ ಅನುಪಾತ 361.

ಶಿಖರ ಏಕೆ ಚೂಪಾಗುತ್ತದೆ ಎಂಬುದು ಇದರಿಂದಲೇ ಹೊಳೆಯುತ್ತದೆ. ಎರಡೇ ಕಿರಣಗಳ ವ್ಯತಿಕರಣದಲ್ಲಿ ತೀವ್ರತೆ ಅರ್ಧಕ್ಕೆ ಇಳಿಯಬೇಕಾದರೆ ಪ್ರಾವಸ್ಥೆ 90 ಡಿಗ್ರಿಯಷ್ಟು ತಪ್ಪಬೇಕು. ಇಲ್ಲಿ ಹಾಗಲ್ಲ, ಒಂದು ಸುತ್ತಿಗೆ 6 ಡಿಗ್ರಿ ತಪ್ಪಿದರೂ ಹತ್ತನೇ ಸುತ್ತಿನ ಕಿರಣ 60 ಡಿಗ್ರಿ, ಹದಿನೈದನೆಯದು 90 ಡಿಗ್ರಿ ಸರಿದಿರುತ್ತದೆ, ಮೂವತ್ತನೆಯದು ಮೊದಲನೆಯದಕ್ಕೆ ನೇರ ವಿರುದ್ಧವಾಗಿ ನಿಲ್ಲುತ್ತದೆ. ಅನಂತರ ಬರುವ ಕಿರಣಗಳ ಮೇಲೆಲ್ಲ ಆ ಸಣ್ಣ ತಪ್ಪು ಗುಣಿಸುತ್ತ ಹೋಗುವುದರಿಂದ 90 ಶೇಕಡಾ ಪ್ರತಿಫಲನದಲ್ಲಿ ಆ 6 ಡಿಗ್ರಿಗೇ ತೀವ್ರತೆ ಅರ್ಧವಾಗುತ್ತದೆ. ಪೂರ್ತಿ ಲೆಕ್ಕ ಹೀಗಿದೆ:

```
T(δ) = 1 / (1 + F·sin²(δ/2))      F = 4R / (1 − R)²
```

ಇಲ್ಲಿ `R` ಪ್ರತಿಫಲನಾಂಕ, `δ` ಒಂದು ಸುತ್ತಿನ ಪ್ರಾವಸ್ಥಾ ವ್ಯತ್ಯಾಸ. R = 0.9 ಆದಾಗ F = 360.

ಒಂದು ಶಿಖರದಿಂದ ಮುಂದಿನ ಶಿಖರಕ್ಕಿರುವ ಆವೃತ್ತಿಯ ಅಂತರವನ್ನು ಮುಕ್ತ ರೋಹಿತ ವ್ಯಾಪ್ತಿ ಎನ್ನುತ್ತಾರೆ. ಪ್ರಯೋಗಾಲಯದ ಮಾತಿನಲ್ಲಿ ಇದು ಎಫ್‌ಎಸ್‌ಆರ್. ಗಾಳಿಯ ಅಂತರ `d` ಇರುವ ಎಟಲಾನ್‌ಗೆ ಅದು `c/2d`. ಅದು ಅಂತರವನ್ನು ಮಾತ್ರ ಅವಲಂಬಿಸಿದೆ, ಲೇಪನಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ವ್ಯಾಪ್ತಿಯನ್ನು ಶಿಖರದ ಅರ್ಧ ಎತ್ತರದಲ್ಲಿನ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ ಫಿನೆಸ್. ತಟ್ಟೆಗಳು ದೋಷರಹಿತವಾಗಿದ್ದರೆ ಅದರ ಬೆಲೆ `π√R/(1−R)`, ನಮ್ಮ 90 ಶೇಕಡಾ ಲೇಪನಕ್ಕೆ ಸುಮಾರು 30.

ಅಂತರವನ್ನು ಆರಿಸುವುದು

ಅಳೆಯಬೇಕಾದ ಸೀಳಿಕೆ ಎಷ್ಟೆಂದು ಮೊದಲೇ ಗೊತ್ತಿರುವುದರಿಂದ ಅಂತರವನ್ನು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. 10 ಮಿಲಿಮೀಟರ್ ಅಂತರದ ಎಟಲಾನ್ ತೆಗೆದುಕೊಂಡರೆ ಶಿಖರಗಳು ಬಹಳ ಕಿರಿದಾಗಿರುತ್ತವೆ ನಿಜ, ಆದರೆ ಮುಕ್ತ ವ್ಯಾಪ್ತಿ 15 ಗಿಗಾಹರ್ಟ್ಸ್ ಮಾತ್ರ. ಅರ್ಧ ಟೆಸ್ಲಾದಲ್ಲಿ ಹೊರಗಿನ ಎರಡು ಘಟಕಗಳ ನಡುವಿನ ಅಂತರ 14 ಗಿಗಾಹರ್ಟ್ಸ್ ಆಗುವುದರಿಂದ ಒಂದು ಕ್ರಮಾಂಕದ ಹೊರ ಉಂಗುರವು ಮುಂದಿನ ಕ್ರಮಾಂಕದ ಒಳ ಉಂಗುರದಿಂದ ಕೇವಲ 1 ಗಿಗಾಹರ್ಟ್ಸ್ ದೂರದಲ್ಲಿ, ಹೆಚ್ಚುಕಡಿಮೆ ಅದರ ಮೇಲೆಯೇ ಕೂರುತ್ತದೆ. 1 ಮಿಲಿಮೀಟರ್ ಅಂತರ ತೆಗೆದುಕೊಂಡರೆ ವ್ಯಾಪ್ತಿ 150 ಗಿಗಾಹರ್ಟ್ಸ್‌ಗೆ ಹಿಗ್ಗುತ್ತದೆ, ಅದರ ಜೊತೆಗೆ ಶಿಖರದ ಅಗಲವೂ 5 ರಿಂದ 6 ಗಿಗಾಹರ್ಟ್ಸ್‌ಗೆ ಹಿಗ್ಗಿ 7 ಗಿಗಾಹರ್ಟ್ಸ್ ದೂರದ ಘಟಕಗಳು ಒಂದಕ್ಕೊಂದು ಅಂಟಿದಂತೆ ಕಾಣುತ್ತವೆ. 3 ಮಿಲಿಮೀಟರ್ ಅಂತರದಲ್ಲಿ ವ್ಯಾಪ್ತಿ 50 ಗಿಗಾಹರ್ಟ್ಸ್, ಶಿಖರದ ಅಗಲ 2 ಗಿಗಾಹರ್ಟ್ಸ್‌ನ ಆಸುಪಾಸು. ಕಾಲೇಜಿನ ವಿದ್ಯುತ್ಕಾಂತ ಕೊಡುವ ಕ್ಷೇತ್ರಕ್ಕೆ ಇದು ಸರಿಹೊಂದುತ್ತದೆ, ಮುಂದಿನ ಲೆಕ್ಕವೆಲ್ಲ ಇದಕ್ಕೇ ಸಂಬಂಧಿಸಿದೆ.

ಲೇಪನಕ್ಕಿಂತ ಮೊದಲು ತಟ್ಟೆಯ ಸಪಾಟುತನ

ಹೆಚ್ಚು ಫಿನೆಸ್ ಬೇಕೆಂದು ಪ್ರತಿಫಲನಾಂಕ ಹೆಚ್ಚಿರುವ ಲೇಪನವನ್ನು ಹುಡುಕುವುದು ಸಹಜ. 98 ಶೇಕಡಾ ಲೇಪನಕ್ಕೆ ಸೂತ್ರ 155 ಎನ್ನುತ್ತದೆ. ಆದರೆ ಆ ಸೂತ್ರ ತಟ್ಟೆಗಳು ಸಂಪೂರ್ಣ ಸಪಾಟಾಗಿವೆ ಎಂದು ಹಿಡಿದಿರುತ್ತದೆ. ತಟ್ಟೆಯ ಮೇಲ್ಮೈ ನಡುವಿನಿಂದ ಅಂಚಿನವರೆಗೆ ತರಂಗಾಂತರದ `1/M` ಭಾಗದಷ್ಟು ಗುಂಡಾಗಿ ಬಾಗಿದ್ದರೆ ಆ ಕಾರಣವೊಂದರಿಂದಲೇ ಫಿನೆಸ್ `M/2` ಅನ್ನು ಮೀರುವುದಿಲ್ಲ. ತಟ್ಟೆಯ ಬೇರೆ ಬೇರೆ ಭಾಗದಲ್ಲಿ ಅಂತರ ಬೇರೆಯಾಗಿರುವುದರಿಂದ ಪ್ರತಿ ಭಾಗವೂ ತನ್ನದೇ ಜಾಗದಲ್ಲಿ ಶಿಖರ ಮೂಡಿಸುತ್ತದೆ, ಒಟ್ಟು ಸೇರಿದಾಗ ಶಿಖರ ಹರಡಿಕೊಳ್ಳುತ್ತದೆ. ಈ ಮಿತಿಗಳನ್ನು ಅಂದಾಜಾಗಿ ಹೀಗೆ ಕೂಡಿಸಬಹುದು:

```
1/N² = 1/N_R² + 1/N_flat²
```

ನಮ್ಮ 90 ಶೇಕಡಾ ಲೇಪನದ 30ಕ್ಕೆ λ/100 ಸಪಾಟುತನದ 50 ಸೇರಿದರೆ ಒಟ್ಟು ಫಿನೆಸ್ ಸುಮಾರು 26, ಶಿಖರದ ಅಗಲ 2 ಗಿಗಾಹರ್ಟ್ಸ್‌ಗೆ ತುಸು ಕಡಿಮೆ. ಅದೇ ಲೇಪನ λ/20 ತಟ್ಟೆಯ ಮೇಲಿದ್ದರೆ ಫಿನೆಸ್ 9.5ಕ್ಕೆ ಕುಸಿಯುತ್ತದೆ, ಅಗಲ 5 ಗಿಗಾಹರ್ಟ್ಸ್ ದಾಟುತ್ತದೆ. ಅಂಥ ತಟ್ಟೆಗೆ 98 ಶೇಕಡಾ ಲೇಪನ ಹಾಕಿಸಿದರೂ ಫಿನೆಸ್ 10 ಆಗುವುದಿಲ್ಲ. λ/100 ತಟ್ಟೆಗೆ 98 ಶೇಕಡಾ ಲೇಪನ ಕೊಟ್ಟರೆ ಫಿನೆಸ್ 48ರ ಹತ್ತಿರಕ್ಕೆ ಬರುತ್ತದೆ. ಆದರೆ ಇನ್ನೊಂದು ಕಡೆ ನಷ್ಟವಿದೆ: ಲೇಪನವೇ ನುಂಗುವ ಬೆಳಕಿನ ಭಾಗ `A` ಆಗಿದ್ದರೆ ಶಿಖರದ ಎತ್ತರ `(1 − A/(1−R))²` ಆಗುತ್ತದೆ. 1 ಶೇಕಡಾ ಹೀರಿಕೆಗೆ 90 ಶೇಕಡಾ ಲೇಪನದಲ್ಲಿ 81 ಶೇಕಡಾ ಬೆಳಕು ದಾಟಿದರೆ, 98 ಶೇಕಡಾ ಲೇಪನದಲ್ಲಿ ದಾಟುವುದು 25 ಶೇಕಡಾ. ಹಳೆಯ ಬೆಳ್ಳಿ ಲೇಪನದ ಎಟಲಾನ್‌ಗಳು ಮಬ್ಬಾಗಿ ಕಾಣುವುದಕ್ಕೆ ಇದೇ ಕಾರಣ, ಹೀರಿಕೆ ತೀರ ಕಡಿಮೆಯಿರುವ ಡೈಎಲೆಕ್ಟ್ರಿಕ್ ಪದರಗಳಲ್ಲಿ ಈ ತೊಂದರೆ ಅಷ್ಟಿಲ್ಲ. ಈ ಪ್ರಯೋಗದ ಮಟ್ಟಿಗೆ ಖರ್ಚನ್ನು ತಟ್ಟೆಯ ಸಪಾಟುತನದ ಮೇಲೆ ಮಾಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಿತಿ ದೀಪದ್ದೇ. ಬಿಸಿ ಆವಿಯಲ್ಲಿ ಪರಮಾಣುಗಳು ಓಡಾಡುವುದರಿಂದ ಕ್ಯಾಡ್ಮಿಯಮ್ ರೇಖೆಗೆ ತನ್ನದೇ ಆದ ಸುಮಾರು 0.8 ಗಿಗಾಹರ್ಟ್ಸ್ ಅಗಲವಿರುತ್ತದೆ. ಎಟಲಾನ್ ಎಷ್ಟೇ ಚೂಪಾದರೂ ಅದಕ್ಕಿಂತ ಕಿರಿದಾದ ಉಂಗುರ ಸಿಗುವುದಿಲ್ಲ.

ಜೋಡಣೆ

ಸಾಲು ಹೀಗಿರಲಿ: ಧ್ರುವಗಳ ನಡುವೆ ದೀಪ, ಅದರ ಬೆಳಕನ್ನು ಕೂಡಿಸುವ ಮಸೂರ, 644 ನ್ಯಾನೊಮೀಟರ್ ಸುತ್ತಮುತ್ತ ಮಾತ್ರ ಬಿಡುವ ಫಿಲ್ಟರ್, ಎಟಲಾನ್, ಪೋಲರೈಸರ್, 150 ಮಿಲಿಮೀಟರ್ ಸಂಗಮದೂರದ ಮಸೂರ, ಕೊನೆಗೆ ಕ್ಯಾಮೆರಾದ ಸಂವೇದಕ. ಒಂದೇ ಕೋನದಲ್ಲಿ ಹೊರಟ ಸಮಾಂತರ ಕಿರಣಗಳು ಸೇರಿ ಉಂಗುರವಾಗುವುದರಿಂದ ಉಂಗುರಗಳು ಅನಂತ ದೂರದಲ್ಲಿರುವಂತೆ ಕಾಣುತ್ತವೆ. ಆದ್ದರಿಂದ ಸಂವೇದಕ ನಿಖರವಾಗಿ ಮಸೂರದ ಸಂಗಮ ತಲದಲ್ಲಿರಬೇಕು. ಎಟಲಾನ್ ಇಡುವ ಮೊದಲೇ ಕಿಟಕಿಯಾಚೆಯ ದೂರದ ಮರವನ್ನೋ ಕಟ್ಟಡವನ್ನೋ ನೋಡಿ ಫೋಕಸ್ ಮಾಡಿ ಬಿಗಿದುಬಿಡಿ, ಆಮೇಲೆ ಅದನ್ನು ಮುಟ್ಟಬೇಡಿ. ಉಂಗುರ ಮಸುಕಾದಾಗಲೆಲ್ಲ ಫೋಕಸ್ ತಿರುಗಿಸುವ ಅಭ್ಯಾಸವಾದರೆ ನಿಜವಾದ ದೋಷ ಎಲ್ಲಿದೆ ಎಂಬುದು ಗೊತ್ತಾಗದೇ ಹೋಗುತ್ತದೆ.

ಇನ್ನು ತಟ್ಟೆಗಳನ್ನು ಸಮಾಂತರಗೊಳಿಸುವ ಕೆಲಸ. ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದು ಇದೇ. ಎಟಲಾನ್‌ನ ಚೌಕಟ್ಟಿನಲ್ಲಿ 120 ಡಿಗ್ರಿ ಅಂತರದಲ್ಲಿ ಮೂರು ತಿರುಪುಗಳಿರುತ್ತವೆ. ಕ್ಯಾಮೆರಾವನ್ನು ಬದಿಗಿಟ್ಟು, ಕಾಂತಕ್ಷೇತ್ರವಿಲ್ಲದೆ, ದೀಪದ ಮುಂದೆ ಒಂದು ಮಬ್ಬುಗಾಜನ್ನಿಟ್ಟು ಎಟಲಾನ್ ಮೂಲಕ ಬರಿಗಣ್ಣಿನಿಂದ ಉಂಗುರಗಳನ್ನು ನೋಡಿ. ಈಗ ತಲೆಯನ್ನು ನಿಧಾನವಾಗಿ ಒಂದು ತಿರುಪಿನ ಕಡೆಗೆ ಸರಿಸಿ. ಉಂಗುರಗಳು ಕೇಂದ್ರದಿಂದ ಹುಟ್ಟಿ ಹಿಗ್ಗುತ್ತಿದ್ದರೆ ಆ ಕಡೆ ಅಂತರ ಹೆಚ್ಚಿದೆ ಎಂದರ್ಥ, ಆ ತಿರುಪನ್ನು ಕೊಂಚ ಬಿಗಿಯಿರಿ. ಕುಗ್ಗಿ ಕೇಂದ್ರದಲ್ಲಿ ಮಾಯವಾಗುತ್ತಿದ್ದರೆ ಅಂತರ ಕಡಿಮೆ, ಸಡಿಲಿಸಿ. ಹೀಗೆ ಮೂರು ದಿಕ್ಕಿನಲ್ಲೂ ಸರದಿಯ ಮೇಲೆ ನೋಡುತ್ತ, ಕಣ್ಣು ಯಾವ ಕಡೆ ಸರಿದರೂ ಉಂಗುರಗಳ ಅಳತೆ ಬದಲಾಗದ ಸ್ಥಿತಿಗೆ ತರಬೇಕು. ಅಂತರದಲ್ಲಿ ಅರ್ಧ ತರಂಗಾಂತರ, ಅಂದರೆ 0.32 ಮೈಕ್ರೊಮೀಟರ್ ಬದಲಾದರೆ ಒಂದು ಪೂರ್ತಿ ಹೊಸ ಉಂಗುರ ಹುಟ್ಟುತ್ತದೆ. 26ರ ಫಿನೆಸ್ ಉಳಿಯಬೇಕಾದರೆ ತಟ್ಟೆಯ ಉದ್ದಕ್ಕೂ ವ್ಯತ್ಯಾಸ ಅದರ ಇಪ್ಪತ್ತಾರನೇ ಒಂದು ಭಾಗಕ್ಕಿಂತ ಸಾಕಷ್ಟು ಕಡಿಮೆಯಿರಬೇಕು. ಮೂರೂ ತಿರುಪುಗಳನ್ನು ಬಿಗಿಯುತ್ತಲೇ ಹೋದರೆ ತಟ್ಟೆಯೇ ಬಾಗುವುದರಿಂದ ಒಂದನ್ನು ಬಿಗಿದರೆ ಇನ್ನೊಂದನ್ನು ಸಡಿಲಿಸುವ ಕ್ರಮ ಒಳ್ಳೆಯದು. ಲೇಪನದ ಮುಖವನ್ನು ಬೆರಳಿನಿಂದಾಗಲಿ ಬಟ್ಟೆಯಿಂದಾಗಲಿ ಮುಟ್ಟಬಾರದು, ದೂಳಿದ್ದರೆ ರಬ್ಬರ್ ಬ್ಲೋವರ್‌ನಿಂದ ಊದಿ.

ಕ್ಯಾಮೆರಾದಲ್ಲಿ ಉಂಗುರಗಳು ಇನ್ನೂ ದಪ್ಪಗಿದ್ದರೆ ಎಟಲಾನ್ ಮುಂದೆ ಒಂದು ಐರಿಸ್ ಇಟ್ಟು ಕಿರಿದುಗೊಳಿಸಿ ನೋಡಿ. ಉಂಗುರ ಚೂಪಾದರೆ ದೋಷ ತಟ್ಟೆಗಳ ಸಮಾಂತರದಲ್ಲಿ ಅಥವಾ ಸಪಾಟುತನದಲ್ಲಿದೆ, ಏಕೆಂದರೆ ಸಣ್ಣ ಭಾಗವನ್ನು ಮಾತ್ರ ಬಳಸಿದಾಗ ಅಂತರದ ಏರಿಳಿತವೂ ಸಣ್ಣದಾಗುತ್ತದೆ. ಐರಿಸ್ ಕಿರಿದುಗೊಳಿಸಿದರೆ ಫೋಕಸ್ ತಪ್ಪಿದ ಮಸುಕೂ ಸ್ವಲ್ಪ ಕಡಿಮೆಯಾಗುವುದರಿಂದ ಮೊದಲೇ ಫೋಕಸ್ ಬಿಗಿದಿಡುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಐರಿಸ್‌ನಿಂದ ಏನೂ ಬದಲಾಗದಿದ್ದರೆ ಲೇಪನದ ಅಥವಾ ದೀಪದ ಮಿತಿಯನ್ನು ಮುಟ್ಟಿದ್ದೀರಿ, ತಿರುಪುಗಳನ್ನು ಇನ್ನು ಬಿಟ್ಟುಬಿಡಿ.

ಕ್ಷೇತ್ರವಿಲ್ಲದೆ ಮೊದಲ ಅಳತೆ

ದೀಪ ಹತ್ತು ನಿಮಿಷ ಉರಿದು ಸ್ಥಿರವಾದ ಮೇಲೆ ಕ್ಷೇತ್ರವಿಲ್ಲದ ಚಿತ್ರವೊಂದನ್ನು ತೆಗೆಯಿರಿ. ಉಂಗುರ ಮೂಡುವ ನಿಯಮ `2d·cosθ = mλ`, ಇಲ್ಲಿ `m` ಕ್ರಮಾಂಕ, `θ` ತಟ್ಟೆಗಳ ಲಂಬದಿಂದ ಕಿರಣ ಓರೆಯಾಗಿರುವ ಕೋನ. ಕೋನ ಸಣ್ಣದಾಗಿರುವುದರಿಂದ ವ್ಯಾಸದ ವರ್ಗವು ಒಂದು ಉಂಗುರದಿಂದ ಮುಂದಿನದಕ್ಕೆ ಒಂದೇ ಪ್ರಮಾಣದಲ್ಲಿ ಹೆಚ್ಚಬೇಕು. ಸುಮಾರು 3 ಮಿಲಿಮೀಟರ್ ಅಂತರ, 150 ಮಿಲಿಮೀಟರ್ ಮಸೂರ ಮತ್ತು 5 ಮೈಕ್ರೊಮೀಟರ್ ಪಿಕ್ಸೆಲ್ ಎಂದು ಹಿಡಿದು ಲೆಕ್ಕ ಹಾಕಿದರೆ ಒಳಗಿನ ನಾಲ್ಕು ಉಂಗುರಗಳ ವ್ಯಾಸ 714, 1132, 1433 ಮತ್ತು 1681 ಪಿಕ್ಸೆಲ್ ಬರುತ್ತದೆ. ವರ್ಗ ಮಾಡಿ ಒಂದರಿಂದೊಂದನ್ನು ಕಳೆದರೆ ಸಿಗುವುದು 771628, 772065, 772272, ಅಂದರೆ ಎಲ್ಲವೂ 7,72,000ದ ಹತ್ತಿರ. ನಿಮ್ಮ ಚಿತ್ರದಲ್ಲಿ ಈ ವ್ಯತ್ಯಾಸಗಳು ಒಂದೇ ದಿಕ್ಕಿನಲ್ಲಿ ಏರುತ್ತಲೋ ಇಳಿಯುತ್ತಲೋ ಹೋದರೆ ಮಸೂರದ ವಕ್ರತೆಯನ್ನು ಅಥವಾ ಸಂವೇದಕದ ವಾಲುವಿಕೆಯನ್ನು ಶಂಕಿಸಬೇಕು. ತ್ರಿಜ್ಯದ ಬದಲು ವ್ಯಾಸವನ್ನೇ ಅಳೆಯಿರಿ, ಕೇಂದ್ರ ಎಲ್ಲಿದೆ ಎಂದು ಊಹಿಸುವ ಗೊಡವೆ ತಪ್ಪುತ್ತದೆ.

ಇದೇ ಚಿತ್ರದಿಂದ ಫಿನೆಸ್ ಕೂಡ ಸಿಗುತ್ತದೆ. ಉಂಗುರದ ಅಡ್ಡಕ್ಕೆ ತೀವ್ರತೆಯ ರೇಖಾಚಿತ್ರ ಬರೆದು ಅರ್ಧ ಎತ್ತರದಲ್ಲಿ ಒಳ ಮತ್ತು ಹೊರ ವ್ಯಾಸಗಳನ್ನು ಓದಿ, ಅವುಗಳ ವರ್ಗಗಳ ವ್ಯತ್ಯಾಸದಿಂದ 7,72,000ವನ್ನು ಭಾಗಿಸಿ. 26ರ ಫಿನೆಸ್ ಇದ್ದರೆ ಎರಡನೇ ಉಂಗುರದಲ್ಲಿ ಈ ಎರಡು ವ್ಯಾಸಗಳ ನಡುವೆ ಸುಮಾರು 13 ಪಿಕ್ಸೆಲ್ ವ್ಯತ್ಯಾಸ ಇರಬೇಕು. ಮೊದಲ ಉಂಗುರ ಇದಕ್ಕಿಂತ ದಪ್ಪಗೆ, ನಾಲ್ಕನೆಯದು ತೆಳ್ಳಗೆ ಕಾಣುತ್ತದೆ. ಫಿನೆಸ್ ಎಲ್ಲದಕ್ಕೂ ಒಂದೇ ಆದರೂ ಹೊರಗೆ ಹೋದಂತೆ ಉಂಗುರಗಳೇ ಒತ್ತೊತ್ತಾಗುವುದರಿಂದ ಹೀಗಾಗುತ್ತದೆ. ದೀಪದ ಅಗಲವೂ ಸೇರುವುದರಿಂದ ಕೈಗೆ ಬರುವ ಸಂಖ್ಯೆ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಯಿದ್ದೇ ಇರುತ್ತದೆ.

ಕ್ಷೇತ್ರದಲ್ಲಿ ಅಳತೆ

ವಿದ್ಯುತ್ಕಾಂತದ ಕರೆಂಟನ್ನು ಸೊನ್ನೆಯಿಂದ ನಿಧಾನವಾಗಿ ಏರಿಸುತ್ತ ಪರದೆಯ ಮೇಲೆ ಒಂದೇ ಉಂಗುರದ ಮೇಲೆ ಕಣ್ಣಿಟ್ಟಿರಿ. ಮೊದಲು ಅದು ದಪ್ಪಗಾಗುತ್ತದೆ, 0.2 ಟೆಸ್ಲಾ ಹೊತ್ತಿಗೆ ಮೂರಾಗಿ ಬಿಡಿಸಿಕೊಳ್ಳುತ್ತದೆ. ಪೋಲರೈಸರ್‌ನ ಅಕ್ಷವನ್ನು ಕ್ಷೇತ್ರಕ್ಕೆ ಸಮಾಂತರವಾಗಿ ತಿರುಗಿಸಿದರೆ ನಡುವಿನದು ಮಾತ್ರ ಉಳಿಯುತ್ತದೆ, ಲಂಬವಾಗಿ ತಿರುಗಿಸಿದರೆ ನಡುವಿನದು ಮಾಯವಾಗಿ ಹೊರಗಿನ ಎರಡೇ ಕಾಣುತ್ತವೆ. ಅಳತೆಗೆ ಈ ಎರಡನೇ ಸ್ಥಿತಿ ಅನುಕೂಲ. ನಡುವಿನ ಉಂಗುರದ ನೆರಳು ಬೀಳದ ಕಾರಣ ಶಿಖರದ ನೆಲೆ ನಿಖರವಾಗಿ ಸಿಗುತ್ತದೆ.

ಕ್ಷೇತ್ರ 0.5 ಟೆಸ್ಲಾ ಎಂದಿಟ್ಟುಕೊಳ್ಳೋಣ. ಎರಡನೇ ಉಂಗುರದಲ್ಲಿ ಒಳ ಘಟಕದ ವ್ಯಾಸ 1084, ಹೊರ ಘಟಕದ್ದು 1179 ಪಿಕ್ಸೆಲ್ ಆಗುತ್ತದೆ. ವರ್ಗಗಳ ವ್ಯತ್ಯಾಸ 2,14,985. ಇದನ್ನು 7,72,000ದಿಂದ ಭಾಗಿಸಿದರೆ ಒಂದು ಮುಕ್ತ ವ್ಯಾಪ್ತಿಯ 0.2785 ಭಾಗ. ಇದು ಎರಡು ಘಟಕಗಳ ನಡುವಿನ ದೂರವಾದ್ದರಿಂದ ಒಂದರ ಸರಿಕೆ ಅದರ ಅರ್ಧ. ಈ ಸರಿಕೆಯಿಂದ ಎಲೆಕ್ಟ್ರಾನಿನ ವಿದ್ಯುದಂಶಕ್ಕೂ ದ್ರವ್ಯರಾಶಿಗೂ ಇರುವ ಅನುಪಾತ `e/m` ಸಿಗುತ್ತದೆ.

```
Δν = ½ × 0.2785 × (c/2d) = 0.139 × 49.97 GHz ≈ 6.96 GHz
e/m = 4π·Δν / B ≈ 1.75 × 10¹¹ C/kg
```

ಎಲೆಕ್ಟ್ರಾನಿನ ಒಪ್ಪಿತ ಬೆಲೆ 1.759 × 10¹¹, ಅಂದರೆ ಅರ್ಧ ಶೇಕಡಾದಷ್ಟು ಕಡಿಮೆ ಬಂದಿದೆ. ವ್ಯಾಸಗಳನ್ನು ಪೂರ್ಣ ಪಿಕ್ಸೆಲ್‌ಗೆ ಸುತ್ತಿದ್ದರಿಂದಲೇ ಇಷ್ಟು ಕೊರತೆ. ಹೊರ ವ್ಯಾಸ 1179ರ ಬದಲು 1180 ಎಂದು ಓದಿದರೆ ಫಲಿತಾಂಶ 1 ಶೇಕಡಾ ಮೇಲಕ್ಕೆ ಹೋಗುತ್ತದೆ. ಆದ್ದರಿಂದ ಒಂದೇ ಉಂಗುರಕ್ಕೆ ನಿಲ್ಲದೆ ನಾಲ್ಕರಲ್ಲೂ ಅಳೆದು ಸರಾಸರಿ ತೆಗೆಯುವುದು ಒಳ್ಳೆಯದು. ಮಸೂರದ ಸಂಗಮದೂರವಾಗಲಿ ಪಿಕ್ಸೆಲ್‌ನ ಅಳತೆಯಾಗಲಿ ಕೊನೆಯ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ, ಬೇಕಾದದ್ದು `d` ಒಂದೇ.

ಆದರೆ `B` ಕೂಡ ಅಷ್ಟೇ ನಿಖರವಾಗಿರಬೇಕು. ಹಾಲ್ ಪ್ರೋಬ್ ಅನ್ನು ದೀಪ ಇರುವ ಜಾಗದಲ್ಲೇ ಇಟ್ಟು ಅಳೆಯಬೇಕು, ಧ್ರುವದ ಅಂಚಿನಲ್ಲಿ ಕ್ಷೇತ್ರ ಬೇರೆಯಿರುತ್ತದೆ. ಕಬ್ಬಿಣದಲ್ಲಿ ಹಿಂದಿನ ಕಾಂತತ್ವ ಉಳಿದಿರುವುದರಿಂದ ಕರೆಂಟನ್ನು ಏರಿಸುತ್ತ ಓದಿದ ಕ್ಷೇತ್ರವೂ ಇಳಿಸುತ್ತ ಓದಿದ ಕ್ಷೇತ್ರವೂ ಒಂದೇ ಆಗುವುದಿಲ್ಲ, ಕ್ಷೇತ್ರವನ್ನು ಅಳೆಯುವಾಗಲೂ ಚಿತ್ರ ತೆಗೆಯುವಾಗಲೂ ಒಂದೇ ದಿಕ್ಕಿನಲ್ಲಿ ಬನ್ನಿ. ಸರಿಕೆಯನ್ನು ಕ್ಷೇತ್ರದ ಎದುರು ಗ್ರಾಫ್ ಬರೆದಾಗ ನೇರ ರೇಖೆ ಸೊನ್ನೆಯನ್ನು ಹಾಯದಿದ್ದರೆ ಮೊದಲು ನೋಡಬೇಕಾದದ್ದು ಪ್ರೋಬ್‌ನ ಸೊನ್ನೆಯನ್ನು.

ಕ್ರಮಾಂಕಗಳು ಬೆರೆಯುವ ಜಾಗ

ಕರೆಂಟ್ ಒಮ್ಮೆಲೇ ಏರಿಸಿದರೆ ಸಿಕ್ಕಿಬೀಳುವುದು ಇಲ್ಲಿ. 1.2 ಟೆಸ್ಲಾದ ಹತ್ತಿರ ಪ್ರತಿ ಸರಿಕೆಯೂ ಮುಕ್ತ ವ್ಯಾಪ್ತಿಯ ಮೂರನೇ ಒಂದು ಭಾಗಕ್ಕೆ ಸಮನಾಗುತ್ತದೆ, ಆಗ ಎಲ್ಲ ಉಂಗುರಗಳೂ ವ್ಯಾಸದ ವರ್ಗದಲ್ಲಿ ಸಮಾನ ದೂರದಲ್ಲಿ ನಿಂತು ಯಾವುದು ಯಾವ ಕ್ರಮಾಂಕದ್ದು ಎಂದು ಗುರುತಿಸಲು ಸುಳಿವೇ ಇರುವುದಿಲ್ಲ. ಪೋಲರೈಸರ್ ತಿರುಗಿಸಿ ನಡುವಿನ ಘಟಕಗಳನ್ನು ಗುರುತು ಹಾಕಿಕೊಂಡರೆ ಈ ಗೊಂದಲ ಬಿಡುತ್ತದೆ. 1.8 ಟೆಸ್ಲಾ ಹೊತ್ತಿಗೆ ಒಂದು ಕ್ರಮಾಂಕದ ಹೊರ ಘಟಕ ಪಕ್ಕದ ಕ್ರಮಾಂಕದ ಒಳ ಘಟಕದ ಮೇಲೆಯೇ ಬೀಳುತ್ತದೆ, ಅದರಾಚೆ ಅವು ಒಂದನ್ನೊಂದು ದಾಟಿಹೋಗುತ್ತವೆ. 1.8 ಟೆಸ್ಲಾಗೆ ಸಮೀಪಿಸುತ್ತಿರುವಾಗ ಹತ್ತಿರದ ಎರಡು ಉಂಗುರಗಳನ್ನು ಜೋಡಿಯೆಂದು ಹಿಡಿದವರಿಗೆ ಕ್ಷೇತ್ರ ಹೆಚ್ಚಿಸಿದರೂ ಸೀಳಿಕೆ ಕಡಿಮೆಯಾದಂತೆ ಕಾಣುತ್ತದೆ. ಅಷ್ಟು ದೊಡ್ಡ ಕ್ಷೇತ್ರದಲ್ಲೇ ಅಳೆಯಬೇಕಿದ್ದರೆ 2 ಮಿಲಿಮೀಟರ್ ಅಂತರದ ಎಟಲಾನ್‌ಗೆ ಬದಲಾಯಿಸಿ, ವ್ಯಾಪ್ತಿ 75 ಗಿಗಾಹರ್ಟ್ಸ್ ಆಗುತ್ತದೆ.

ಕ್ಯಾಡ್ಮಿಯಮ್ ದೀಪ ಇಲ್ಲದ ಕಡೆ ಪಾದರಸದ 546.1 ನ್ಯಾನೊಮೀಟರ್ ಹಸಿರು ರೇಖೆಯನ್ನು ಬಳಸುವುದುಂಟು. ಅದು ಮೂರಲ್ಲ, ಒಂಬತ್ತು ಘಟಕಗಳಾಗಿ ಸೀಳುತ್ತದೆ. ಅದನ್ನು ಪೂರ್ತಿ ಬಿಡಿಸಬೇಕಾದರೆ ಮೇಲಿನ ಎಟಲಾನ್‌ಗೆ ಇಲ್ಲದಷ್ಟು ಫಿನೆಸ್ ಬೇಕು. ಪೋಲರೈಸರ್‌ನಿಂದ ನಡುವಿನ ಮೂರನ್ನು ಮಾತ್ರ ಉಳಿಸಿಕೊಂಡು ಅವುಗಳ ಸರಿಕೆಯನ್ನಷ್ಟೇ ಅಳೆಯುವುದು ಆಗ ಸಾಧ್ಯವಿರುವ ಮಾರ್ಗ.